ಕ್ವಾಂಟಮ್ ಕಂಪ್ಯೂಟರ್: ಏಳನೇ ತರಗತಿಯ ಲೆಕ್ಕದಲ್ಲಿ

ಕ್ವಾಂಟಮ್ ಕಂಪ್ಯೂಟರನ್ನು ಮಕ್ಕಳಿಗೆ ಪರಿಚಯಿಸುವ ಭಾಷಣಗಳು ಬಹುತೇಕ ಒಂದು ನಾಣ್ಯದಿಂದ ಶುರುವಾಗುತ್ತವೆ. ಮೇಜಿನ ಮೇಲೆ ಮಲಗಿರುವ ನಾಣ್ಯ ಶಿರವನ್ನೋ ಪುಚ್ಛವನ್ನೋ ತೋರಿಸುತ್ತದೆ; ಅದು ಸಾಮಾನ್ಯ ಕಂಪ್ಯೂಟರಿನ ಬಿಟ್. ಗಿರಗಿರನೆ ತಿರುಗುತ್ತಿರುವ ನಾಣ್ಯ ಏಕಕಾಲಕ್ಕೆ ಎರಡೂ ಹೌದು; ಅದು ಕ್ಯೂಬಿಟ್. ಬಿಟ್ ಒಂದು ಸಲಕ್ಕೆ ಒಂದೇ ಉತ್ತರವನ್ನು ಪರೀಕ್ಷಿಸಿದರೆ ಕ್ಯೂಬಿಟ್‌ಗಳು ಎಲ್ಲ ಉತ್ತರಗಳನ್ನೂ ಒಟ್ಟಿಗೇ ಪರೀಕ್ಷಿಸುತ್ತವೆ ಎಂದು ಹೇಳಿ ಭಾಷಣ ಮುಂದೆ ಸಾಗುತ್ತದೆ. ಮಕ್ಕಳು ತಲೆಯಾಡಿಸುತ್ತಾರೆ. ಆದರೆ ಅವರ ತಲೆಯಲ್ಲಿ ಉಳಿಯುವ ಚಿತ್ರ ತಪ್ಪಾದದ್ದು, ಅದನ್ನು ಮುಂದೆ ತಿದ್ದುವುದೂ ಕಷ್ಟ.

ತಿರುಗುವ ನಾಣ್ಯದ ಬಗ್ಗೆ ನಮಗಿರುವುದು ಬರೀ ಅನಿಶ್ಚಿತತೆ. ಶಿರ ಬೀಳುವ ಸಂಭವ ಅರ್ಧ, ಪುಚ್ಛ ಬೀಳುವ ಸಂಭವ ಅರ್ಧ. ಹತ್ತು ನಾಣ್ಯಗಳನ್ನು ತಿರುಗಿಸಿಬಿಟ್ಟರೂ ಅವುಗಳಿಂದ ಯಾವ ಲೆಕ್ಕವೂ ಆಗುವುದಿಲ್ಲ. ಕ್ಯೂಬಿಟ್‌ಗಳು ಎಲ್ಲ ಉತ್ತರಗಳನ್ನೂ ಹೊತ್ತಿರುತ್ತವೆ ಎಂದಿಟ್ಟುಕೊಂಡರೂ, ಅವನ್ನು ಅಳೆದಾಗ ಕೈಗೆ ಸಿಗುವುದು ಒಂದೇ ಉತ್ತರ, ಅದೂ ಯಾದೃಚ್ಛಿಕವಾಗಿ. ಅಷ್ಟೇ ಆಗಿದ್ದರೆ ಕ್ವಾಂಟಮ್ ಕಂಪ್ಯೂಟರ್ ಚೀಟಿ ಎತ್ತುವ ಯಂತ್ರಕ್ಕಿಂತ ಹೆಚ್ಚಿನದೇನೂ ಆಗುತ್ತಿರಲಿಲ್ಲ. ಅದರ ನಿಜವಾದ ಶಕ್ತಿ ಇರುವುದು ನಾಣ್ಯದಲ್ಲಿ ಕಾಣಸಿಗದ ಒಂದು ಸಂಗತಿಯಲ್ಲಿ, ಅಂದರೆ ಋಣ ಚಿಹ್ನೆಯಲ್ಲಿ. ಸಂಭವನೀಯತೆ ಎಂದೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಕ್ಯೂಬಿಟ್ಟಿನ ಒಳಗಿನ ಸಂಖ್ಯೆಗಳು ಇಳಿಯುತ್ತವೆ.

ಇದಕ್ಕೆ ಹೊಂದುವ ಹೋಲಿಕೆ ಕೆರೆಯ ನೀರಿನಲ್ಲಿದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಕೆರೆಯ ದಡದಲ್ಲಿ ನಿಂತ ಇಬ್ಬರು, ಸ್ವಲ್ಪ ದೂರ ದೂರದಲ್ಲಿ, ಕೋಲಿನಿಂದ ಒಂದೇ ಲಯದಲ್ಲಿ ನೀರನ್ನು ತಟ್ಟುತ್ತಿದ್ದಾರೆ ಎನ್ನೋಣ. ಎರಡೂ ಕಡೆಯಿಂದ ಉಂಗುರ ಉಂಗುರವಾಗಿ ಅಲೆಗಳು ಹರಡಿ ನಡುವೆ ಸೇರುತ್ತವೆ. ಒಂದು ಅಲೆಯ ಉಬ್ಬು ಇನ್ನೊಂದರ ಉಬ್ಬಿನ ಮೇಲೆ ಬಂದ ಕಡೆ ನೀರು ಇಮ್ಮಡಿ ಏಳುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಂದ ಕಡೆ ಎರಡೂ ಅಳಿಸಿಹೋಗಿ, ಎರಡು ಅಲೆಗಳು ಹಾಯುತ್ತಿದ್ದರೂ ಅಲ್ಲಿ ನೀರು ಮಿಸುಕದೆ ನಿಲ್ಲುತ್ತದೆ. ಪಿಯುಸಿ ಭೌತವಿಜ್ಞಾನದಲ್ಲಿ ಇದನ್ನು ವ್ಯತಿಕರಣ ಎನ್ನುತ್ತಾರೆ. ಹೈಸ್ಕೂಲಿನ ಮಕ್ಕಳಿಗೆ ಅಷ್ಟು ದೊಡ್ಡ ಹೆಸರು ಬೇಕಿಲ್ಲ. ಉಬ್ಬನ್ನು +1 ಎಂದೂ ತಗ್ಗನ್ನು −1 ಎಂದೂ ಬರೆದರೆ ಸಾಕು, ಕೂಡಿದಾಗ ಸೊನ್ನೆ ಬರುವುದು ಅವರಿಗೇ ಕಾಣುತ್ತದೆ. ಪರಾತದಲ್ಲಿ ನೀರು ತುಂಬಿ ವೇದಿಕೆಯ ಮೇಲೇ ಇದನ್ನು ತೋರಿಸಬೇಕೆನ್ನುವವರು ಮೊದಲೇ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಅಂಚಿಗೆ ಬಡಿದು ಮರಳುವ ಅಲೆಗಳು ಎಲ್ಲವನ್ನೂ ಕಲಕಿಬಿಡುತ್ತವೆ. ಕಪ್ಪುಹಲಗೆಯ ಮೇಲೆ ಎರಡು ಅಲೆಗಳನ್ನು ಬರೆದು ಕೂಡಿ ತೋರಿಸುವುದೇ ಹೆಚ್ಚು ಸ್ಪಷ್ಟ.

ಈ ಹೋಲಿಕೆಗೂ ಒಂದು ಎಲ್ಲೆಯಿದೆ, ಅದನ್ನು ಮುಚ್ಚಿಡಬಾರದು. ಕೆರೆಯ ಅಲೆಯನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತಾ ಕೂರಬಹುದು, ಅದಕ್ಕೇನೂ ಆಗದು. ಕ್ಯೂಬಿಟ್‌ಗಳ ಅಲೆಯನ್ನು ನೋಡಲು ಹೋದ ಕೂಡಲೇ ಅಲೆ ಮುಗಿದು ಒಂದೇ ಉತ್ತರ ಉಳಿಯುತ್ತದೆ. ಯಾವ ಉತ್ತರ ಸಿಗಬಹುದು ಎಂಬುದಕ್ಕೆ ಒಂದು ನಿಯಮವಿದೆ: ಆ ಉತ್ತರದ ಅಲೆಯ ಎತ್ತರವನ್ನು ವರ್ಗ ಮಾಡಿದರೆ ಅದು ಸಿಗುವ ಸಂಭವನೀಯತೆ ಬರುತ್ತದೆ. ಎತ್ತರ ಧನವಾಗಿರಲಿ ಋಣವಾಗಿರಲಿ, ವರ್ಗ ಮಾತ್ರ ಧನವೇ. ಇಷ್ಟು ತಿಳಿದ ಮಗುವಿನ ಮುಂದೆ ಕ್ವಾಂಟಮ್ ಕಂಪ್ಯೂಟರಿನ ಒಂದು ಪೂರ್ತಿ ಲೆಕ್ಕವನ್ನು ಇಡಬಹುದು. ಅದಕ್ಕೆ ಬೇಕಾಗುವುದು ಪೂರ್ಣಾಂಕ, ಭಿನ್ನರಾಶಿ, ಸರಾಸರಿ ಮತ್ತು ವರ್ಗ. ಇವೆಲ್ಲ ಏಳನೇ ತರಗತಿ ಮುಗಿಸಿದ ಮಗುವಿನ ಕೈಯಲ್ಲಿರುವ ಸಾಮಾನುಗಳೇ.

ಎರಡು ಕ್ಯೂಬಿಟ್‌ಗಳನ್ನು ಅಳೆದರೆ 00, 01, 10, 11 ಎಂಬ ನಾಲ್ಕು ಉತ್ತರಗಳಲ್ಲಿ ಒಂದು ಬರುತ್ತದೆ. ನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದೊಂದು ಉತ್ತರದ ಹೆಸರು ಕೊಟ್ಟು, ಕೈಯಲ್ಲಿ 1/2 ಎಂದು ಬರೆದ ರಟ್ಟು ಹಿಡಿಸಬೇಕು. ಅದು ಆ ಉತ್ತರದ ಅಲೆಯ ಎತ್ತರ. ವರ್ಗ ಮಾಡಿದರೆ ಪ್ರತಿಯೊಬ್ಬರದೂ 1/4. ನಾಲ್ಕೂ ಸೇರಿ 1. ಅಂದರೆ ಈಗ ಅಳೆದರೆ ನಾಲ್ವರಲ್ಲಿ ಯಾರು ಬೇಕಾದರೂ ಬರಬಹುದು. ಸರಿಯಾದ ಉತ್ತರ 10, ಅಂದರೆ ಮೂರನೆಯ ಮಗು ಎಂದಿಟ್ಟುಕೊಳ್ಳೋಣ. ಸಾಮಾನ್ಯ ಕಂಪ್ಯೂಟರ್ ಒಬ್ಬೊಬ್ಬರನ್ನೇ ‘ನೀನೇನಾ?’ ಎಂದು ಕೇಳುತ್ತಾ ಹೋಗಬೇಕು. ಮೂವರೂ ಅಲ್ಲವೆಂದರೆ ನಾಲ್ಕನೆಯವರೇ ಎಂದು ಗೊತ್ತಾಗುವುದರಿಂದ ಹೆಚ್ಚೆಂದರೆ ಮೂರು ಪ್ರಶ್ನೆ, ಸರಾಸರಿ ಎರಡೂಕಾಲು ಪ್ರಶ್ನೆ.

ಕ್ವಾಂಟಮ್ ಕಂಪ್ಯೂಟರ್ ಒಮ್ಮೆ ಮಾತ್ರ ಕೇಳುತ್ತದೆ. ಕೇಳಿದಾಗ ಸರಿಯುತ್ತರದ ಅಲೆ ಮಗುಚುತ್ತದೆ: ಮೂರನೆಯ ಮಗುವಿನ ರಟ್ಟು 1/2 ಇದ್ದದ್ದು −1/2 ಆಗುತ್ತದೆ. ಉಳಿದವರ ರಟ್ಟು ಹಾಗೇ ಇರುತ್ತದೆ. ಭಾಷಣ ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಹಂತದಲ್ಲೇ ಅಳೆದರೆ ಏನಾಗುತ್ತದೆ ಎಂದು ಮಕ್ಕಳನ್ನೇ ಕೇಳಬೇಕು. −1/2 ರ ವರ್ಗವೂ 1/4. ಹಾಗಾಗಿ ಏನೂ ಪ್ರಯೋಜನವಿಲ್ಲ. ಉತ್ತರ ಯಂತ್ರದೊಳಗೆ ಗುರುತಾಗಿದೆ, ಆದರೆ ಅಳೆಯುವವರ ಕಣ್ಣಿಗೆ ಬೀಳುವುದಿಲ್ಲ. ‘ಎಲ್ಲವನ್ನೂ ಒಟ್ಟಿಗೇ ಪರೀಕ್ಷಿಸುತ್ತದೆ’ ಎಂಬ ಮಾತು ಎಲ್ಲಿ ಸೋಲುತ್ತದೆ ಎಂಬುದು ಇಲ್ಲಿ ಮಕ್ಕಳಿಗೆ ಕೈಯಾರೆ ಸಿಗುತ್ತದೆ.

ಎರಡನೆಯ ಹೆಜ್ಜೆಯಲ್ಲಿ ಆ ಗುರುತನ್ನು ಎತ್ತರವಾಗಿ ಬದಲಿಸಬೇಕು. ನಾಲ್ಕೂ ಸಂಖ್ಯೆಗಳ ಸರಾಸರಿ ತೆಗೆದರೆ, 1/2 + 1/2 − 1/2 + 1/2 = 1; ಅದನ್ನು 4ರಿಂದ ಭಾಗಿಸಿದರೆ 1/4. ಈಗ ಪ್ರತಿ ಸಂಖ್ಯೆಯೂ ಸರಾಸರಿಯಿಂದ ಎಷ್ಟು ದೂರದಲ್ಲಿದೆಯೋ ಅಷ್ಟೇ ದೂರ ಅದರ ಆಚೆ ಬದಿಗೆ ಜಿಗಿಯಬೇಕು. ಸೂತ್ರವಾಗಿ ಬರೆದರೆ:

ಹೊಸ ಸಂಖ್ಯೆ = 2 × ಸರಾಸರಿ − ಹಳೆಯ ಸಂಖ್ಯೆ

1/2 ಹಿಡಿದ ಮೂವರಿಗೆ 1/2 − 1/2, ಅಂದರೆ 0. ಮೂರನೆಯ ಮಗುವಿಗೆ 1/2 − (−1/2), ಅಂದರೆ 1. ವರ್ಗ ಮಾಡಿದರೆ ಮೂವರು ಬರುವ ಸಂಭವ ಸೊನ್ನೆ, ಮೂರನೆಯವರು ಬರುವುದು ಖಚಿತ. ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ಅಳಿಸಿಕೊಂಡವು, ಸರಿಯುತ್ತರದ ಅಲೆ ಉಬ್ಬಿ ನಿಂತಿತು. ಉತ್ತರವನ್ನು 10ರ ಬದಲು 01 ಅಥವಾ 11 ಮಾಡಿ ಮಕ್ಕಳೇ ಇನ್ನೊಮ್ಮೆ ಆಡಿ ನೋಡಬಹುದು. ಪ್ರತಿ ಸಲವೂ ಅದೇ ಫಲ. ಈ ವಿಧಾನವನ್ನು 1996ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಪ್ರಕಟಿಸಿದವರು ಲವ್ ಗ್ರೋವರ್. ಭಾರತ ಮೂಲದ ಅವರು ದೆಹಲಿಯ ಐಐಟಿಯಲ್ಲಿ ಓದಿದವರು.

ಚುರುಕಾದ ಮಗು ಇಲ್ಲಿ ಒಂದು ಪ್ರಶ್ನೆ ಎತ್ತುತ್ತದೆ, ಎತ್ತಲೇಬೇಕು: ಯಾರ ರಟ್ಟನ್ನು ಮಗುಚಬೇಕೆಂದು ಯಂತ್ರಕ್ಕೆ ಮೊದಲೇ ಗೊತ್ತಿದ್ದರೆ ಹುಡುಕುವ ಕೆಲಸವೇಕೆ? ಉತ್ತರವನ್ನು ಗುರುತಿಸುವುದು ಬೇರೆ, ಕಂಡುಹಿಡಿಯುವುದು ಬೇರೆ ಎಂಬುದೇ ಇದಕ್ಕೆ ಸಮಾಧಾನ. ಯಾವ ಎರಡು ಸಂಖ್ಯೆಗಳನ್ನು ಗುಣಿಸಿದರೆ 8633 ಬರುತ್ತದೆ ಎಂದು ಕೇಳಿದರೆ ಬಹಳ ಹೊತ್ತು ತಡಕಾಡಬೇಕು. 89 ಮತ್ತು 97 ಸರಿಯೇ ಎಂದು ಕೇಳಿದರೆ ಒಂದು ಗುಣಾಕಾರದಲ್ಲಿ ಮುಗಿಯಿತು. ಕ್ವಾಂಟಮ್ ಕಂಪ್ಯೂಟರಿನೊಳಗೆ ಹಾಕುವುದು ಇಂಥ ಪರೀಕ್ಷಿಸುವ ಲೆಕ್ಕವನ್ನು ಮಾತ್ರ; ಪರೀಕ್ಷೆಯಲ್ಲಿ ಪಾಸಾದ ಉತ್ತರದ ಅಲೆ ತಾನಾಗಿ ಮಗುಚುವಂತೆ ಆ ಲೆಕ್ಕವನ್ನು ಜೋಡಿಸಿರುತ್ತಾರೆ. ಸರಾಸರಿಯ ವಿಚಾರವೂ ಹೀಗೆಯೇ. ಯಂತ್ರದೊಳಗೆ ಯಾರೂ ಕೂತು ಸರಾಸರಿ ತೆಗೆಯುವುದಿಲ್ಲ. ಕ್ಯೂಬಿಟ್‌ಗಳ ಮೇಲೆ ಒಂದು ಕ್ರಮದಲ್ಲಿ ಕಿರು ತರಂಗ ಮಿಡಿತಗಳನ್ನು ಹಾಯಿಸಿದಾಗ ಅಲೆಗಳು ಪರಸ್ಪರ ಸೇರಿ, ಸರಾಸರಿಯ ಆಚೆ ಜಿಗಿದಷ್ಟೇ ಫಲ ಕೊಡುತ್ತವೆ.

ರಟ್ಟಿನ ಆಟದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಎರಡು ಕ್ಯೂಬಿಟ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದಿದ್ದರೆ, ಮೊದಲನೆಯದರ ಎತ್ತರಗಳು a ಮತ್ತು b, ಎರಡನೆಯದರವು c ಮತ್ತು d ಎಂದಾಗಿ, ನಾಲ್ಕು ಉತ್ತರಗಳ ಎತ್ತರಗಳು ac, ad, bc, bd ಆಗುತ್ತಿದ್ದವು. ಆಗ ಮೊದಲನೆಯದನ್ನು ನಾಲ್ಕನೆಯದರಿಂದ ಗುಣಿಸಿದರೂ, ಎರಡನೆಯದನ್ನು ಮೂರನೆಯದರಿಂದ ಗುಣಿಸಿದರೂ ಬರುವುದು ಒಂದೇ, abcd. ಆಟದ ಆರಂಭದಲ್ಲಿ ಇದು ಸರಿಹೋಗುತ್ತದೆ: ಎರಡೂ ಗುಣಲಬ್ಧ 1/4. ಮೂರನೆಯ ರಟ್ಟು ಮಗುಚಿದ ಮೇಲೆ ಒಂದು ಗುಣಲಬ್ಧ 1/4, ಇನ್ನೊಂದು −1/4. ಅಂದರೆ ಇವನ್ನು ಬೇರೆ ಬೇರೆ ಎರಡು ಕ್ಯೂಬಿಟ್‌ಗಳೆಂದು ಬಿಡಿಸಿ ಬರೆಯಲು ಸಾಧ್ಯವೇ ಇಲ್ಲ, ಎರಡೂ ಹೆಣೆದುಕೊಂಡಿವೆ. ಎಂಟ್ಯಾಂಗಲ್‌ಮೆಂಟ್ ಎಂದು ಪತ್ರಿಕೆಗಳಲ್ಲಿ ಕಾಣುವ ನಿಗೂಢ ಪದದ ಹಿಂದೆ ಇರುವುದು ಈ ಸ್ಥಿತಿಯೇ. ಒಂಬತ್ತನೇ ತರಗತಿಯ ಮಕ್ಕಳು ಇದನ್ನು ತಾವೇ ಗುಣಿಸಿ ಪರೀಕ್ಷಿಸಬಲ್ಲರು.

ಮೂರು ಕ್ಯೂಬಿಟ್‌ಗಳಾದರೆ ಉತ್ತರಗಳು ಎಂಟು. ಆಗ ಆಟಕ್ಕೆ ಒಂದು ತಿರುವು ಬರುತ್ತದೆ. ಲೆಕ್ಕ ಸುಲಭವಾಗಲೆಂದು ಎಂಟು ಮಕ್ಕಳಿಗೂ 1 ಎಂದೇ ರಟ್ಟು ಕೊಟ್ಟು, ಕೊನೆಗೆ ವರ್ಗವನ್ನು 8ರಿಂದ ಭಾಗಿಸಿದರಾಯಿತು. ಒಬ್ಬರ ರಟ್ಟು ಮಗುಚಿದರೆ ಮೊತ್ತ 6, ಸರಾಸರಿ 0.75. ಜಿಗಿದ ಮೇಲೆ ಏಳು ಮಕ್ಕಳದು 0.5, ಸರಿಯುತ್ತರದ ಮಗುವಿನದು 2.5. ವರ್ಗ 6.25, 8ರಿಂದ ಭಾಗಿಸಿದರೆ ಶೇಕಡ 78ರಷ್ಟು ಸಂಭವ. ಇಡೀ ಆಟವನ್ನು ಮತ್ತೊಮ್ಮೆ ಆಡಿದರೆ ಸರಿಯುತ್ತರದ ಎತ್ತರ 2.75ಕ್ಕೆ ಏರಿ, ಸಂಭವ ಶೇಕಡ 94 ದಾಟುತ್ತದೆ. ಇನ್ನೂ ಒಮ್ಮೆ ಆಡಿದರೆ ಪೂರ್ತಿ ನೂರಾಗಬಹುದು ಎಂದು ಮಕ್ಕಳು ಊಹಿಸುತ್ತಾರೆ. ಆದರೆ ಮೂರನೆಯ ಸಲ ಸರಾಸರಿಯೇ ಸೊನ್ನೆಗಿಂತ ಕೆಳಗಿಳಿಯುತ್ತದೆ, ಸರಿಯುತ್ತರದ ಎತ್ತರ 1.625ಕ್ಕೆ ಕುಸಿಯುತ್ತದೆ, ಸಂಭವ ಶೇಕಡ 33ಕ್ಕೆ ಬೀಳುತ್ತದೆ. ಅಲೆಯು ಶಿಖರ ಮುಟ್ಟಿ ಇಳಿಯತೊಡಗಿದೆ. ಆದ್ದರಿಂದ ಎಷ್ಟು ಸುತ್ತಿಗೆ ನಿಲ್ಲಿಸಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಅಲೆಯನ್ನು ಇಣುಕಿ ನೋಡಿ ನಿರ್ಧರಿಸುವಂತಿಲ್ಲವಲ್ಲ.

ಕ್ಯೂಬಿಟ್‌ಗಳು ಒಂದೊಂದೇ ಹೆಚ್ಚಿದಂತೆ ಉತ್ತರಗಳ ಸಂಖ್ಯೆ ದುಪ್ಪಟ್ಟಾಗುತ್ತದೆ. ಹತ್ತಕ್ಕೆ 1,024, ಇಪ್ಪತ್ತಕ್ಕೆ 10,48,576, ಐವತ್ತಕ್ಕೆ ಹನ್ನೊಂದು ಕೋಟಿ ಕೋಟಿಗೂ ಹೆಚ್ಚು. ಹತ್ತು ಲಕ್ಷ ಉತ್ತರಗಳಲ್ಲಿ ಒಂದನ್ನು ಹುಡುಕಲು ಸಾಮಾನ್ಯ ಕಂಪ್ಯೂಟರಿಗೆ ಸರಾಸರಿ ಐದು ಲಕ್ಷ ಪರೀಕ್ಷೆಗಳು ಬೇಕು. ಗ್ರೋವರ್ ವಿಧಾನಕ್ಕೆ ಸುಮಾರು 785 ಸುತ್ತು ಸಾಕು. ಸುತ್ತುಗಳ ಸಂಖ್ಯೆ ಉತ್ತರಗಳ ಸಂಖ್ಯೆಯ ವರ್ಗಮೂಲಕ್ಕೆ ಹತ್ತಿರವಿರುತ್ತದೆ, ಹತ್ತು ಲಕ್ಷದ ವರ್ಗಮೂಲ ಸಾವಿರ. ಉಳಿತಾಯ ದೊಡ್ಡದೇ. ಆದರೂ ಎಲ್ಲವನ್ನೂ ಒಟ್ಟಿಗೇ ಪರೀಕ್ಷಿಸುವ ಯಂತ್ರವಾಗಿದ್ದರೆ ಒಂದೇ ಸುತ್ತು ಸಾಕಾಗಬೇಕಿತ್ತು. 785 ಏಕೆ ಬೇಕು? ಈ ಬಗೆಯ ಹುಡುಕಾಟದಲ್ಲಿ ಯಾವ ಕ್ವಾಂಟಮ್ ವಿಧಾನವೂ ವರ್ಗಮೂಲದ ಈ ಮಿತಿಯನ್ನು ದಾಟಲಾರದೆಂಬುದು ಗಣಿತದಲ್ಲೇ ಸಿದ್ಧವಾಗಿದೆ. ಸಂಖ್ಯೆಯ ಅಪವರ್ತನಗಳನ್ನು ಕಂಡುಹಿಡಿಯಲು ಪೀಟರ್ ಶೋರ್ 1994ರಲ್ಲಿ ಕೊಟ್ಟ ವಿಧಾನದಲ್ಲಿ ಲಾಭ ಇದಕ್ಕಿಂತ ಬಹಳ ಹೆಚ್ಚು, ಏಕೆಂದರೆ ಆ ಸಮಸ್ಯೆಯೊಳಗೆ ಮರುಕಳಿಸುವ ಒಂದು ಕ್ರಮವಿದೆ, ಅಲೆಗಳು ಅದನ್ನು ಹಿಡಿಯುತ್ತವೆ. ಕ್ರಮವೇನೂ ಇಲ್ಲದ ಕಡೆ ಲಾಭವೂ ಕಡಿಮೆ.

ನಾಲ್ಕು ಮಕ್ಕಳ ಆಟ ಕಾಗದದ ಮೇಲಷ್ಟೇ ಉಳಿದಿಲ್ಲ. 1998ರಲ್ಲಿ ಐಸಾಕ್ ಚುವಾಂಗ್, ನೀಲ್ ಗರ್ಶೆನ್‌ಫೆಲ್ಡ್ ಮತ್ತು ಮಾರ್ಕ್ ಕುಬಿನೆಕ್ ಅದನ್ನು ಕ್ಲೋರೋಫಾರ್ಮ್ ದ್ರವದಲ್ಲಿ ನಡೆಸಿ ತೋರಿಸಿದರು. ಕ್ಲೋರೋಫಾರ್ಮಿನ ಅಣುವಿನಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್ ಒಂದು ಕ್ಯೂಬಿಟ್, ಕಾರ್ಬನ್-13ರ ನ್ಯೂಕ್ಲಿಯಸ್ ಇನ್ನೊಂದು. ಬಲವಾದ ಕಾಂತಕ್ಷೇತ್ರದಲ್ಲಿ ಅವು ಪುಟ್ಟ ಕಾಂತಗಳಂತೆ ವರ್ತಿಸುತ್ತವೆ; ರೇಡಿಯೋ ತರಂಗದ ಮಿಡಿತಗಳಿಂದ ಅವನ್ನು ತಿರುಗಿಸಿ, ನಾಲ್ಕರಲ್ಲಿ ಒಂದನ್ನು ಒಂದೇ ಪ್ರಶ್ನೆಯಲ್ಲಿ ಹುಡುಕಿದರು. ಇಂದು ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಕ್ಯೂಬಿಟ್ ಎಂದರೆ ಚಿಪ್ಪಿನ ಮೇಲೆ ಲೋಹದಿಂದ ಮಾಡಿದ ಅತಿವಾಹಕ ಮಂಡಲ. ಅದು ಎರಡು ಶಕ್ತಿ ಮೆಟ್ಟಿಲುಗಳಲ್ಲಿ ನಿಲ್ಲಬಲ್ಲದು. ಕೆಳಗಿನದು 0, ಮೇಲಿನದು 1. ಮೆಟ್ಟಿಲುಗಳ ನಡುವಿನ ಅಂತರ ಎಷ್ಟು ಚಿಕ್ಕದೆಂದರೆ ಕೋಣೆಯ ಶಾಖವೇ ಅದನ್ನು ಮೇಲೆ ಕೆಳಗೆ ಕುಣಿಸಿಬಿಡುತ್ತದೆ. ಅದಕ್ಕಾಗಿ ಚಿಪ್ಪನ್ನು −273.15 ಡಿಗ್ರಿ ಸೆಲ್ಸಿಯಸ್ ಎಂಬ ಪರಮ ಶೂನ್ಯದಿಂದ ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲಿರುವ ಚಳಿಯಲ್ಲಿ ಇಡುತ್ತಾರೆ. ಚಿತ್ರಗಳಲ್ಲಿ ಕಾಣುವ ಚಿನ್ನದ ಬಣ್ಣದ ತೂಗುದೀಪದಂಥ ಸಾಧನ ಕಂಪ್ಯೂಟರಲ್ಲ, ಈ ಶೀತಕ ಯಂತ್ರದ ಒಳಭಾಗ. ಕಂಪ್ಯೂಟರ್ ಅದರ ತುದಿಯಲ್ಲಿರುವ ಸಣ್ಣ ಚಿಪ್ಪು. ಇದನ್ನು ಫೋನಿನಲ್ಲಿ ಹಾಕಬಹುದೇ ಎಂಬ ಪ್ರಶ್ನೆಗೆ ಇಲ್ಲೇ ಉತ್ತರವಿದೆ. ಹಾಕಲು ಸಾಧ್ಯವಾದರೂ ವಿಡಿಯೋ ನೋಡಲು, ಸಂದೇಶ ಕಳಿಸಲು ಅದರಿಂದ ಏನೂ ಲಾಭವಿಲ್ಲ.

ಈ ಯಂತ್ರಗಳ ದೊಡ್ಡ ಕಷ್ಟ ತಪ್ಪುಗಳದ್ದು. ಇಂದಿನ ಒಳ್ಳೆಯ ಯಂತ್ರಗಳಲ್ಲೂ ಎರಡು ಕ್ಯೂಬಿಟ್‌ಗಳನ್ನು ಸೇರಿಸಿ ಮಾಡುವ ಸಾವಿರ ಕ್ರಿಯೆಗಳಲ್ಲಿ ಒಂದರ ಆಸುಪಾಸು ತಪ್ಪಾಗುತ್ತದೆ. ಹತ್ತು ಲಕ್ಷದ ಹುಡುಕಾಟಕ್ಕೆ 785 ಸುತ್ತು, ಪ್ರತಿ ಸುತ್ತಿಗೂ ಇಂಥ ನೂರಾರು ಕ್ರಿಯೆಗಳು ಬೇಕು. ಅರ್ಧ ದಾರಿಗೆ ಬರುವ ಬಹಳ ಮೊದಲೇ ಅಲೆಗಳ ಗುರುತು ಅಳಿಸಿಹೋಗಿರುತ್ತದೆ. ಅದು ತಿಳಿಯುವುದು ಹೇಗೆಂದರೆ, ಒಂದೇ ಲೆಕ್ಕವನ್ನು ಸಾವಿರ ಸಲ ನಡೆಸಿ ಉತ್ತರಗಳನ್ನು ಎಣಿಸುತ್ತಾರೆ. ನಾಲ್ಕರ ಆಟದಲ್ಲಿ ತಪ್ಪೇ ಇಲ್ಲದ ಯಂತ್ರ ಸಾವಿರಕ್ಕೆ ಸಾವಿರ ಸಲವೂ 10 ಎನ್ನಬೇಕು. ನಿಜವಾದ ಯಂತ್ರದಲ್ಲಿ ಕೆಲವು ಸಲ ಬೇರೆ ಉತ್ತರಗಳೂ ನುಸುಳುತ್ತವೆ. ನಾಲ್ಕೂ ಉತ್ತರಗಳು ಸುಮಾರು 250 ಸಲ ಬಂದವೆಂದರೆ ಯಂತ್ರದೊಳಗೆ ಅಲೆ ಉಳಿದಿಲ್ಲ, ಕೇವಲ ಗದ್ದಲವಿದೆ ಎಂದರ್ಥ. ಆಗ ಅದು ತಿರುಗುವ ನಾಣ್ಯಕ್ಕೆ ಸಮ.

ವಿಜ್ಞಾನ ದಿನಕ್ಕೂ ಈ ಮೆಟ್ಟಿಲುಗಳಿಗೂ ನೇರ ನಂಟಿದೆ. 1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ಸಿ. ವಿ. ರಾಮನ್ ಗುರುತಿಸಿದ ಪರಿಣಾಮದಲ್ಲಿ, ದ್ರವದ ಮೂಲಕ ಹಾಯುವ ಬೆಳಕಿನ ಒಂದು ಚೂರು ಬಣ್ಣ ಬದಲಿಸಿ ಹೊರಬರುತ್ತದೆ. ಅಣುವಿನ ಕಂಪನ ತನಗೆ ಬೇಕಾದಷ್ಟು ಶಕ್ತಿಯನ್ನೆಲ್ಲ ತೆಗೆದುಕೊಳ್ಳಲಾರದು. ಮೆಟ್ಟಿಲಿನ ಎತ್ತರಕ್ಕೆ ಸರಿಯಾದ ನಿಗದಿತ ಗಂಟನ್ನೇ ಬೆಳಕಿನಿಂದ ಪಡೆಯುತ್ತದೆ. ಅಷ್ಟು ಶಕ್ತಿ ಕಳೆದುಕೊಂಡ ಬೆಳಕಿನ ಬಣ್ಣ ಅಷ್ಟೇ ಬದಲಾಗುತ್ತದೆ. ಕ್ಯೂಬಿಟ್ಟಿನ 0 ಮತ್ತು 1 ಕೂಡ ಇಂಥ ಮೆಟ್ಟಿಲುಗಳೇ. 1933ರಲ್ಲಿ ರಾಮನ್ ನಿರ್ದೇಶಕರಾಗಿ ಬಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈಗ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರವನ್ನು ನಡೆಸುತ್ತಿದೆ. ಕೇಂದ್ರ ಸಂಪುಟ ಈ ಮಿಷನ್‌ಗೆ ಒಪ್ಪಿಗೆ ಕೊಟ್ಟದ್ದು 2023ರ ಏಪ್ರಿಲ್‌ನಲ್ಲಿ, 6,003.65 ಕೋಟಿ ರೂಪಾಯಿಯೊಂದಿಗೆ. ಎಂಟು ವರ್ಷಗಳಲ್ಲಿ 50ರಿಂದ 1,000 ಭೌತಿಕ ಕ್ಯೂಬಿಟ್‌ಗಳ ಯಂತ್ರಗಳನ್ನು ಕಟ್ಟುವುದು ಅದರ ಗುರಿ.

‘ಭೌತಿಕ’ ಎಂಬ ಮಾತನ್ನು ಅಲ್ಲಿ ಬೇಕೆಂದೇ ಸೇರಿಸಿದ್ದಾರೆ. ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಹಲವು ಕ್ಯೂಬಿಟ್‌ಗಳ ಹೆಣಿಗೆಯಲ್ಲಿ ಹಂಚಿಟ್ಟು, ಮಾಹಿತಿಯನ್ನೇ ಅಳೆಯದೆ ನೆರೆಹೊರೆಯ ಕ್ಯೂಬಿಟ್‌ಗಳು ತಾಳೆಯಾಗುತ್ತವೆಯೇ ಎಂದು ಮಾತ್ರ ಆಗಾಗ ನೋಡುತ್ತಾ ತಪ್ಪನ್ನು ಪತ್ತೆಹಚ್ಚುವ ವಿಧಾನವಿದೆ. ಹಾಗೆ ಹಲವು ಭೌತಿಕ ಕ್ಯೂಬಿಟ್‌ಗಳು ಸೇರಿ ನಂಬಬಹುದಾದ ಒಂದು ಕ್ಯೂಬಿಟ್ ಆಗುತ್ತದೆ. ಆದರೆ ಕ್ಯೂಬಿಟ್‌ಗಳನ್ನು ಹೆಚ್ಚಿಸಿದಾಗ ತಪ್ಪು ಮಾಡುವ ಭಾಗಗಳೂ ಹೆಚ್ಚುತ್ತವೆ. ಒಂದೊಂದು ಭಾಗವೂ ಸಾಕಷ್ಟು ಚೊಕ್ಕವಾಗಿದ್ದರೆ ಮಾತ್ರ ಈ ಹಂಚಿಕೆಯಿಂದ ಲಾಭ. 2024ರಲ್ಲಿ ಗೂಗಲ್‌ನ 105 ಕ್ಯೂಬಿಟ್‌ಗಳ ವಿಲ್ಲೋ ಚಿಪ್ಪಿನಲ್ಲಿ ಹೆಣಿಗೆಯ ಚೌಕವನ್ನು 3×3ರಿಂದ 5×5ಕ್ಕೆ, ಅಲ್ಲಿಂದ 7×7ಕ್ಕೆ ದೊಡ್ಡದು ಮಾಡಿದಾಗ ಪ್ರತಿ ಹಂತದಲ್ಲೂ ತಪ್ಪಿನ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಹಾಗೆ ಕಾಪಾಡಿದ್ದು ಒಂದೇ ಒಂದು ಕ್ಯೂಬಿಟ್ಟಿನ ನೆನಪನ್ನು. ಹತ್ತು ಲಕ್ಷದಲ್ಲಿ ಒಂದನ್ನು 785 ಸುತ್ತುಗಳಲ್ಲಿ ಹುಡುಕಲು ಅಂಥ ನಂಬಿಕಸ್ಥ ಕ್ಯೂಬಿಟ್‌ಗಳು ಕನಿಷ್ಠ ಇಪ್ಪತ್ತು ಬೇಕು.